ದಿನದ ದರ ತಿಳಿಯದೆ ಒಪ್ಪುವ ವಿನಿಮಯ

ನಮ್ಮ ಸಮುದಾಯದಲ್ಲಿ ಒಂದು ವಿಚಿತ್ರವಾದ ಸಂಕೋಚ ಬೇರೂರಿದೆ. ಸಂತೆಯಲ್ಲಿ ಒಂದು ಕಿಲೋ ಬಂಗುಡೆಗೆ ಹತ್ತು ರೂಪಾಯಿ ಹೆಚ್ಚು ಹೇಳಿದರೆ ಮುಂದಿನ ಬುಟ್ಟಿಯತ್ತ ನಡೆಯುವ ಮನುಷ್ಯನು, ಉಮ್ರಾ ಯಾತ್ರೆಗೆಂದು ವರ್ಷಗಟ್ಟಲೆ ಕೂಡಿಟ್ಟ ಹಣವನ್ನು ರಿಯಾಲ್‌ಗೆ ಬದಲಿಸುವಾಗ ವಿನಿಮಯದಂಗಡಿಯವನು ಹೇಳಿದ ದರಕ್ಕೆ ಮರುಮಾತಿಲ್ಲದೆ ತಲೆಯಾಡಿಸುತ್ತಾನೆ. ಕೊಲ್ಲಿಯಿಂದ ಮರಳಿದವನು ಜೇಬಿನಲ್ಲಿ ಉಳಿದ ನೋಟುಗಳನ್ನು ಮೇಜಿನ ಮೇಲಿಟ್ಟು, "ಎಷ್ಟು ಬರುತ್ತದೋ ಅಷ್ಟು ಕೊಡಿ" ಎಂದುಬಿಡುತ್ತಾನೆ. ಮಗನೋ ಮಗಳೋ ದರ ವಿಚಾರಿಸಲು ಹೇಳಿದರೆ ಮೂರು ಉತ್ತರಗಳು ಸಿದ್ಧವಾಗಿರುತ್ತವೆ. ಒಂದು, "ಪೈಸೆಗಳ ಲೆಕ್ಕಕ್ಕೆ ಯಾಕೆ ತಲೆ ಕೆಡಿಸಿಕೊಳ್ಳುತ್ತೀಯಾ?" ಎರಡು, "ಅಲ್ಲಿ ಕಮಿಷನ್ ಇಲ್ಲವೆಂದು ಬೋರ್ಡೇ ಹಾಕಿದ್ದಾರಲ್ಲ." ಮೂರು, "ಅವರು ನಮ್ಮ ಜಮಾಅತಿನವರೇ, ಸಂಶಯಪಡುವುದು ಪಾಪ."

ಈ ಮೂರೂ ಉತ್ತರಗಳು ತಪ್ಪು ಎಂಬುದೇ ನಮ್ಮ ವಾದ. ಪೈಸೆಯ ಉತ್ತರ ಲೆಕ್ಕದಲ್ಲಿ ತಪ್ಪು, ಬೋರ್ಡಿನ ಉತ್ತರ ವ್ಯಾಪಾರದ ತಿಳಿವಳಿಕೆಯಲ್ಲಿ ತಪ್ಪು, ಪಾಪದ ಉತ್ತರ ಧರ್ಮದ ತಿಳಿವಳಿಕೆಯಲ್ಲಿಯೇ ತಪ್ಪು. ಹಣ ಕೈಬದಲಾಗುವ ಮುನ್ನ ಅಂದಿನ ಉಲ್ಲೇಖ ದರವನ್ನು ನೋಡಿ, ಅಂಗಡಿಯವನು ಹೇಳಿದ ದರ ಅದರಿಂದ ಎಷ್ಟು ದೂರವಿದೆಯೆಂದು ಅಳೆಯುವುದು ಸಂಶಯದ ಕೆಲಸವಲ್ಲ. ಅದು ಒಪ್ಪಿಗೆಯ ಒಂದು ಭಾಗ. ತಿಳಿಯದೆ ಕೊಟ್ಟ ಒಪ್ಪಿಗೆ ಅರ್ಧ ಒಪ್ಪಿಗೆ ಮಾತ್ರ.

ಉಲ್ಲೇಖ ದರವೆಂದರೆ ಯಾವುದು?

ಮೊದಲು ಅಳತೆಗೋಲನ್ನು ಗುರುತಿಸೋಣ. ನಮ್ಮ ದೇಶದಲ್ಲಿ ಡಾಲರ್‌ಗೆ ಎಷ್ಟು ರೂಪಾಯಿ ಎಂಬುದಕ್ಕೆ ಪ್ರತಿ ಕೆಲಸದ ದಿನವೂ ಒಂದು ಉಲ್ಲೇಖ ದರ ಪ್ರಕಟವಾಗುತ್ತದೆ. ಹಿಂದೆ ಅದನ್ನು ರಿಸರ್ವ್ ಬ್ಯಾಂಕೇ ಲೆಕ್ಕ ಹಾಕುತ್ತಿತ್ತು. 2018ರ ಜುಲೈ ತಿಂಗಳಿಂದ ಆ ಹೊಣೆಯನ್ನು ಫೈನಾನ್ಷಿಯಲ್ ಬೆಂಚ್‌ಮಾರ್ಕ್ಸ್ ಇಂಡಿಯಾ ಎಂಬ ಸಂಸ್ಥೆ ಹೊತ್ತಿದೆ. ಬ್ಯಾಂಕುಗಳ ನಡುವೆ ಅಂದು ನಿಜವಾಗಿ ನಡೆದ ವ್ಯವಹಾರಗಳ ಆಧಾರದ ಮೇಲೆ ಲೆಕ್ಕ ಹಾಕಿದ ಈ ದರವು ಮಧ್ಯಾಹ್ನ ಸುಮಾರು ಒಂದೂವರೆ ಗಂಟೆಗೆ fbil.org.in ತಾಣದಲ್ಲಿ ಯಾರಿಗೂ ಕಾಣಸಿಗುತ್ತದೆ. ಶನಿವಾರ, ಭಾನುವಾರ ಮತ್ತು ರಜಾದಿನಗಳಲ್ಲಿ ಹೊಸ ದರ ಇರುವುದಿಲ್ಲ. ಆಗ ಹಿಂದಿನ ಕೆಲಸದ ದಿನದ ದರವನ್ನೇ ಹಿಡಿಯಬೇಕು. ಮೊಬೈಲ್ ಫೋನಿನಲ್ಲಿ ಹುಡುಕಿದಾಗ ತಕ್ಷಣ ಕಾಣುವ ದರವೂ ಹೆಚ್ಚುಕಡಿಮೆ ಇದೇ ಬಗೆಯದು. ಅದು ದೊಡ್ಡ ಬ್ಯಾಂಕುಗಳು ಕೊಳ್ಳುವ ದರ ಮತ್ತು ಮಾರುವ ದರಗಳ ನಡುಬಿಂದು.

ಆದರೆ ನಮ್ಮ ಕುಟುಂಬಗಳಿಗೆ ಹೆಚ್ಚಾಗಿ ಬೇಕಾಗುವುದು ಡಾಲರ್ ಅಲ್ಲ, ಸೌದಿ ರಿಯಾಲ್. ಇಲ್ಲಿ ಒಂದು ಸರಳವಾದ ಸಂಗತಿ ನಮ್ಮ ನೆರವಿಗೆ ಬರುತ್ತದೆ. ಸೌದಿ ಅರೇಬಿಯಾವು 1986ರಿಂದ ತನ್ನ ರಿಯಾಲನ್ನು ಒಂದು ಡಾಲರ್‌ಗೆ 3.75 ರಿಯಾಲ್ ಎಂಬ ಲೆಕ್ಕದಲ್ಲಿ ಕಟ್ಟಿಹಾಕಿದೆ. ಮಾರುಕಟ್ಟೆಯಲ್ಲಿ ಅದು ಕೂದಲೆಳೆಯಷ್ಟು ಮಾತ್ರ ಅತ್ತಿತ್ತ ಸರಿಯುತ್ತದೆ. ಆದ್ದರಿಂದ ಅಂದಿನ ಡಾಲರ್ ದರವನ್ನು 3.75ರಿಂದ ಭಾಗಿಸಿದರೆ ಅಂದಿನ ರಿಯಾಲ್ ದರ ಸಿಕ್ಕಿತು. ಯುಎಇ ದಿರ್ಹಮ್ ಕೂಡ ಹೀಗೆಯೇ ಡಾಲರ್‌ಗೆ ಕಟ್ಟಲ್ಪಟ್ಟಿದ್ದು, ಅದಕ್ಕೆ 3.6725ರಿಂದ ಭಾಗಿಸಬೇಕು. ಡಾಲರ್ 84 ರೂಪಾಯಿ ಇರುವ ಒಂದು ದಿನವನ್ನು ಲೆಕ್ಕದ ಸಲುವಾಗಿ ಊಹಿಸಿಕೊಂಡರೆ, ರಿಯಾಲಿನ ಉಲ್ಲೇಖ ದರ 22 ರೂಪಾಯಿ 40 ಪೈಸೆ. ಇಷ್ಟು ಲೆಕ್ಕಕ್ಕೆ ಮೊಬೈಲಿನ ಕ್ಯಾಲ್ಕುಲೇಟರ್ ಸಾಕು. ವಿನಿಮಯದಂಗಡಿಯ ಬಾಗಿಲಲ್ಲಿ ನಿಂತೇ ಇದನ್ನು ಮಾಡಿಕೊಳ್ಳಬಹುದು.

ಈ ದರದಲ್ಲೇ ನಮಗೆ ನೋಟು ಸಿಗಬೇಕೆಂದು ಯಾರೂ ತಿಳಿಯಬಾರದು. ಇದು ಬ್ಯಾಂಕುಗಳು ಕೋಟಿಗಟ್ಟಲೆ ಮೊತ್ತವನ್ನು ಖಾತೆಯಿಂದ ಖಾತೆಗೆ ಬದಲಿಸುವ ದರ. ಕಾಗದದ ನೋಟನ್ನು ತರಿಸಿ, ಕಪಾಟಿನಲ್ಲಿಟ್ಟು, ಬಾಡಿಗೆ ಕಟ್ಟಿ, ನಾಳೆ ದರ ಇಳಿದರೆ ನಷ್ಟ ಹೊರುವ ಸಣ್ಣ ವಿನಿಮಯಗಾರನಿಗೆ ಅದರ ಮೇಲೆ ಒಂದಷ್ಟು ಅಂತರ ಬೇಕೇ ಬೇಕು. ಉಲ್ಲೇಖ ದರವು ತಕ್ಕಡಿಯ ನಡುವಿನ ಮುಳ್ಳಿನಂತೆ. ಅದು ಬೆಲೆಯನ್ನು ಗೊತ್ತುಮಾಡುವುದಿಲ್ಲ. ಬೆಲೆ ಯಾವ ಕಡೆಗೆ, ಎಷ್ಟು ವಾಲಿದೆ ಎಂಬುದನ್ನು ಮಾತ್ರ ತೋರಿಸುತ್ತದೆ.

ಪೈಸೆಯ ಲೆಕ್ಕ ಎಷ್ಟಾಗುತ್ತದೆ?

"ಪೈಸೆಗಳ ಲೆಕ್ಕ" ಎನ್ನುವವರ ಮುಂದೆ ನಾವು ಒಂದು ಉದಾಹರಣೆಯನ್ನು ಇಡುತ್ತೇವೆ. ವಯಸ್ಸಾದ ದಂಪತಿಗಳು ಉಮ್ರಾಕ್ಕೆ ಹೊರಟಿದ್ದಾರೆ. ಕೈಖರ್ಚಿಗೆ 4,000 ರಿಯಾಲ್ ನೋಟುಗಳು ಬೇಕು. ಅಂದಿನ ಉಲ್ಲೇಖ ದರ 22.40 ಆದ್ದರಿಂದ ಆ ನೋಟುಗಳ ನಡುಬೆಲೆ 89,600 ರೂಪಾಯಿ. ಮೊದಲ ಅಂಗಡಿಯವನು ರಿಯಾಲಿಗೆ 23.75 ಹೇಳುತ್ತಾನೆ, "ಕಮಿಷನ್ ಇಲ್ಲ" ಎಂದೂ ಸೇರಿಸುತ್ತಾನೆ. ಪಕ್ಕದ ಬೀದಿಯ ಅಂಗಡಿಯವನು 22.90 ಹೇಳುತ್ತಾನೆ, ಆದರೆ 100 ರೂಪಾಯಿ ಸೇವಾಶುಲ್ಕವಿದೆ ಎನ್ನುತ್ತಾನೆ. ಮನೆಯಲ್ಲಿ ಕೇಳಿದರೆ ಹತ್ತರಲ್ಲಿ ಎಂಟು ಜನ ಕಮಿಷನ್ ಇಲ್ಲದ ಅಂಗಡಿಯನ್ನೇ ಆರಿಸುತ್ತಾರೆ.

ಈಗ ಕೂಡಿಸಿ ನೋಡೋಣ. ಮೊದಲ ಅಂಗಡಿಯಲ್ಲಿ ನೋಟಿನ ಬೆಲೆ 95,000 ರೂಪಾಯಿ. ಇದರ ಮೇಲೆ ಜಿಎಸ್‌ಟಿ ಇದೆ. ಒಂದು ಲಕ್ಷ ರೂಪಾಯಿವರೆಗಿನ ವಿನಿಮಯದಲ್ಲಿ ಒಟ್ಟು ಮೊತ್ತದ ಶೇಕಡಾ 1ನ್ನು ಸೇವೆಯ ಬೆಲೆಯೆಂದು ಹಿಡಿದು, ಆ ಭಾಗದ ಮೇಲೆ ಮಾತ್ರ ಶೇಕಡಾ 18 ತೆರಿಗೆ ಹಾಕುತ್ತಾರೆ. ಅಂದರೆ 950 ರೂಪಾಯಿಗೆ 171 ರೂಪಾಯಿ ತೆರಿಗೆ. ಒಟ್ಟು 95,171. ಎರಡನೆಯ ಅಂಗಡಿಯಲ್ಲಿ ನೋಟಿನ ಬೆಲೆ 91,600, ಶುಲ್ಕ 100, ಎರಡರ ಮೇಲಿನ ತೆರಿಗೆ ಸುಮಾರು 183. ಒಟ್ಟು ಸುಮಾರು 91,883. ಇವೆರಡರ ಅಂತರ ಸುಮಾರು 3,288 ರೂಪಾಯಿ. ಎಂಬತ್ತೈದು ಪೈಸೆಯ ವ್ಯತ್ಯಾಸ ಎಂದು ಕಡೆಗಣಿಸಿದ ಮಾತು ನೂರ ನಲವತ್ತಕ್ಕೂ ಹೆಚ್ಚು ರಿಯಾಲ್‌ಗಳಾಗಿ ನಿಂತಿದೆ. ಹರಮ್ ಶರೀಫಿನ ಸುತ್ತಮುತ್ತ ಆ ಇಬ್ಬರು ಹಿರಿಯರ ಎಷ್ಟೋ ಹೊತ್ತಿನ ಊಟ ಅದರಲ್ಲಿ ನಡೆಯುತ್ತಿತ್ತು.

ಇನ್ನು ಮರಳಿ ಬಂದ ಮೇಲಿನ ಕಥೆ. ದಂಪತಿಗಳ ಕೈಯಲ್ಲಿ 300 ರಿಯಾಲ್ ಉಳಿದಿದೆ. ದರ ಬದಲಾಗಿಲ್ಲವೆಂದುಕೊಂಡರೆ ಅದರ ನಡುಬೆಲೆ 6,720 ರೂಪಾಯಿ. ಮೊದಲ ಅಂಗಡಿಯವನು 20.50ಕ್ಕೆ ಕೊಳ್ಳುತ್ತೇನೆ ಎನ್ನುತ್ತಾನೆ, ಅಂದರೆ 6,150. ಸಣ್ಣ ಮೊತ್ತದಲ್ಲಿ ಸೇವೆಯ ಬೆಲೆಯನ್ನು ಕನಿಷ್ಠ 250 ರೂಪಾಯಿ ಎಂದು ಹಿಡಿಯುವುದರಿಂದ ತೆರಿಗೆ 45 ರೂಪಾಯಿ. ಕೈಗೆ ಬರುವುದು 6,105. ನೂರಕ್ಕೆ ಒಂಬತ್ತು ರೂಪಾಯಿಗಿಂತ ಹೆಚ್ಚು ಕಳೆದುಹೋಯಿತು. ಉಳಿದದ್ದು ಸ್ವಲ್ಪವೇ ಎಂಬ ಕಾರಣಕ್ಕೆ ಯಾರೂ ಕೇಳುವುದಿಲ್ಲ. ಯಾರೂ ಕೇಳುವುದಿಲ್ಲವೆಂಬ ಕಾರಣಕ್ಕೆ ಅಲ್ಲಿ ಅಂತರ ಇನ್ನಷ್ಟು ಅಗಲವಾಗುತ್ತದೆ. ಒಂದು ಊರಿನಿಂದ ವರ್ಷಕ್ಕೆ ಎಷ್ಟು ಯಾತ್ರಿಕರು ಹೋಗಿಬರುತ್ತಾರೆ ಎಂಬುದನ್ನು ಓದುಗರೇ ಎಣಿಸಿಕೊಳ್ಳಲಿ.

'ಕಮಿಷನ್ ಇಲ್ಲ' ಎಂಬ ಬೋರ್ಡು

ಬೋರ್ಡಿನ ಮಾತು ಸುಳ್ಳಲ್ಲ. ಅಲ್ಲಿ ಕಮಿಷನ್ ನಿಜವಾಗಿಯೂ ಇಲ್ಲ. ಆದರೆ ವಿನಿಮಯಗಾರನ ಲಾಭವು ಕಮಿಷನ್‌ನಲ್ಲಿ ಇರಬೇಕೆಂದಿಲ್ಲ, ಅದು ದರದೊಳಗೇ ಕುಳಿತಿರುತ್ತದೆ. ತೆರಿಗೆ ಬಿಟ್ಟು ಲೆಕ್ಕ ಹಾಕಿದರೆ ಮೇಲಿನ ಉದಾಹರಣೆಯ ಮೊದಲ ಅಂಗಡಿಯವನು ನಡುಬೆಲೆಗಿಂತ 5,400 ರೂಪಾಯಿ ಹೆಚ್ಚು ಪಡೆದಿದ್ದಾನೆ, ಶೇಕಡಾ 6. ಶುಲ್ಕ ಕೇಳಿದ ಎರಡನೆಯವನು ಪಡೆದದ್ದು 2,100 ರೂಪಾಯಿ, ಶೇಕಡಾ 2.34.

ಇದು ನಮ್ಮ ಹೊಸ ಶೋಧವೇನೂ ಅಲ್ಲ. ಜಿಎಸ್‌ಟಿ ನಿಯಮ 32 ಈ ಸತ್ಯವನ್ನು ಮೊದಲೇ ಒಪ್ಪಿಕೊಂಡಿದೆ. ರಿಸರ್ವ್ ಬ್ಯಾಂಕಿನ ಉಲ್ಲೇಖ ದರ ದೊರೆಯುವ ನಾಣ್ಯಗಳಲ್ಲಿ, ಆ ದರಕ್ಕೂ ವಿನಿಮಯಗಾರನು ಕೊಂಡ ಅಥವಾ ಮಾರಿದ ದರಕ್ಕೂ ಇರುವ ಅಂತರವನ್ನು ನಾಣ್ಯದ ಸಂಖ್ಯೆಯಿಂದ ಗುಣಿಸಿದರೆ ಬರುವುದೇ ಆತನ ಸೇವೆಯ ಬೆಲೆ ಎಂದು ಆ ನಿಯಮ ಹೇಳುತ್ತದೆ. ಸರಳತೆಗಾಗಿ ಶೇಕಡಾವಾರು ಲೆಕ್ಕವನ್ನು ಆರಿಸಿಕೊಳ್ಳಲು ಆತನಿಗೆ ಅವಕಾಶವಿದೆ, ಆದರೆ ತತ್ವ ಅದೇ. ತೆರಿಗೆ ಅಧಿಕಾರಿಗೆ ಗೊತ್ತಿರುವ ಈ ಅಂತರ, ಹಣ ಕೊಡುವ ಯಾತ್ರಿಕನಿಗೆ ಮಾತ್ರ ಗೊತ್ತಿರಬಾರದೇ?

ಹಾಗಾಗಿ ಬೋರ್ಡನ್ನು ಓದುವುದಕ್ಕಿಂತ ಒಂದೇ ಒಂದು ಪ್ರಶ್ನೆ ಕೇಳುವುದು ಲೇಸು: "ಎಲ್ಲವೂ ಸೇರಿ ನಾನು ಎಷ್ಟು ರೂಪಾಯಿ ಕೊಡಬೇಕು, ನನ್ನ ಕೈಗೆ ಎಷ್ಟು ರಿಯಾಲ್ ಬರುತ್ತದೆ?" ರೂಪಾಯಿಯನ್ನು ರಿಯಾಲಿನಿಂದ ಭಾಗಿಸಿದರೆ ನಿಜವಾದ ದರ ತಾನಾಗಿ ಹೊರಬರುತ್ತದೆ. ಕಮಿಷನ್, ಶುಲ್ಕ, ತೆರಿಗೆ ಯಾವ ಹೆಸರಿನಲ್ಲಿದ್ದರೂ ಆ ಒಂದು ಸಂಖ್ಯೆಯೊಳಗೆ ಸೇರಿಹೋಗಿರುತ್ತದೆ. ಮೊದಲ ಅಂಗಡಿಯಲ್ಲಿ ಅದು 23.79, ಎರಡನೆಯದರಲ್ಲಿ 22.97.

ದರಪಟ್ಟಿಯನ್ನು ಓದುವಾಗಲೂ ಎರಡು ಎಚ್ಚರಿಕೆಗಳು ಅಗತ್ಯ. ಪಟ್ಟಿಯಲ್ಲಿ 'ಬೈಯಿಂಗ್' ಎಂದಿರುವುದು ಅಂಗಡಿಯವನು ಕೊಳ್ಳುವ ದರ, ನಾವು ಕೊಳ್ಳುವ ದರವಲ್ಲ. ನಾವು ರಿಯಾಲ್ ಕೊಳ್ಳುವಾಗ ನೋಡಬೇಕಾದದ್ದು 'ಸೆಲ್ಲಿಂಗ್' ಸಾಲನ್ನು. ಹಾಗೆಯೇ ನೋಟಿನ ದರ, ಕಾರ್ಡಿನ ದರ, ಖಾತೆಗೆ ಕಳುಹಿಸುವ ದರ ಇವೆಲ್ಲ ಬೇರೆಬೇರೆ. ಆಕರ್ಷಕವಾಗಿ ದೊಡ್ಡದಾಗಿ ಬರೆದದ್ದು ಯಾವುದರ ದರವೆಂದು ಕೇಳಿಕೊಳ್ಳಬೇಕು. ಸಣ್ಣ ಮುಖಬೆಲೆಯ ನೋಟುಗಳಿಗೆ ಕಡಿಮೆ ದರ ಕೊಡುವ ಪದ್ಧತಿಯೂ ಇದೆ. 500 ಮತ್ತು 100 ರಿಯಾಲಿನ ನೋಟಿಗೆ ಹೇಳಿದ ದರ 5 ಮತ್ತು 10 ರಿಯಾಲಿನ ನೋಟಿಗೂ ಅನ್ವಯಿಸುತ್ತದೆಯೇ ಎಂಬುದನ್ನು ನೋಟು ಎಣಿಸುವ ಮೊದಲೇ ಕೇಳಬೇಕು, ಎಣಿಸಿದ ಮೇಲೆ ಅಲ್ಲ.

ಇನ್ನೊಂದು ಉಪಾಯವನ್ನು ಈ ವ್ಯವಹಾರ ಬಲ್ಲವರೆಲ್ಲ ಪಾಲಿಸುತ್ತಾರೆ. ನಾವು ಕೊಳ್ಳಲು ಬಂದಿದ್ದೇವೋ ಮಾರಲು ಬಂದಿದ್ದೇವೋ ಎಂಬುದನ್ನು ಹೇಳುವ ಮೊದಲೇ, "ರಿಯಾಲ್ ಎಷ್ಟಕ್ಕೆ ತೆಗೆದುಕೊಳ್ಳುತ್ತೀರಿ, ಎಷ್ಟಕ್ಕೆ ಕೊಡುತ್ತೀರಿ?" ಎಂದು ಎರಡನ್ನೂ ಒಟ್ಟಿಗೆ ಕೇಳುವುದು. ಮೊದಲ ಅಂಗಡಿಯಲ್ಲಿ ಉತ್ತರ 20.50 ಮತ್ತು 23.75. ನಡುವೆ ಮೂರೂಕಾಲು ರೂಪಾಯಿಯ ಕಂದಕವಿದೆ. ಅಂತರ್ಜಾಲದ ಸಂಪರ್ಕ ಇಲ್ಲದ ಹೊತ್ತಿನಲ್ಲೂ ಈ ಕಂದಕದ ಅಗಲವೇ ಅಂಗಡಿಯ ಗುಣವನ್ನು ಹೇಳಿಬಿಡುತ್ತದೆ.

ಸಂಶಯ ಪಾಪವಲ್ಲವೇ?

ಈಗ ಮೂರನೆಯ ಉತ್ತರಕ್ಕೆ ಬರೋಣ. ಅತ್ಯಂತ ಗೌರವದಿಂದ ಎದುರಿಸಬೇಕಾದ ಉತ್ತರವೂ ಇದೇ. ಸಹೋದರನ ಬಗ್ಗೆ ಅತಿಯಾದ ಸಂಶಯವನ್ನು ಸೂರಃ ಅಲ್ ಹುಜುರಾತ್ ತಡೆದಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದೇ ಪವಿತ್ರ ಕುರ್‌ಆನ್ ಸೂರಃ ಅಲ್ ಬಕರಾದಲ್ಲಿ ತನ್ನ ಅತ್ಯಂತ ದೀರ್ಘವಾದ ಸೂಕ್ತವನ್ನು ಸಾಲದ ವ್ಯವಹಾರವನ್ನು ಬರೆದಿಡಬೇಕು, ಸಾಕ್ಷಿಗಳನ್ನು ಇಟ್ಟುಕೊಳ್ಳಬೇಕು ಎಂಬ ವಿಷಯಕ್ಕೆ ಮೀಸಲಿಟ್ಟಿದೆ. ಆ ಆದೇಶ ಸತ್ಯವಿಶ್ವಾಸಿಗಳಿಗೇ ನೀಡಿದ್ದು. ಬರೆದಿಡುವುದು ಸಹೋದರನ ಮೇಲಿನ ಸಂಶಯವೆಂದು ಯಾವ ವಿದ್ವಾಂಸನೂ ಹೇಳಿಲ್ಲ. ಲೆಕ್ಕ ಸ್ಪಷ್ಟವಾಗಿದ್ದಾಗಲೇ ಸಂಶಯಕ್ಕೆ ಜಾಗವಿಲ್ಲದಂತಾಗುತ್ತದೆ. ದರವನ್ನು ತಾಳೆನೋಡುವುದೂ ಅಂಥದ್ದೇ ಕೆಲಸ.

ಅಷ್ಟೇ ಅಲ್ಲ, ನಾಣ್ಯ ವಿನಿಮಯದಲ್ಲಿ 'ಅಂದಿನ ದರ' ಎಂಬ ಮಾತು ನಮ್ಮ ಪರಂಪರೆಗೆ ಹೊಸದೇನೂ ಅಲ್ಲ. ಇಬ್ನು ಉಮರ್(ರ)ರವರು ದೀನಾರ್‌ಗಳ ಲೆಕ್ಕದಲ್ಲಿ ಒಂಟೆಗಳನ್ನು ಮಾರಿ ಅದರ ಬದಲಿಗೆ ದಿರ್ಹಮ್‌ಗಳನ್ನು, ಕೆಲವೊಮ್ಮೆ ದಿರ್ಹಮ್‌ಗಳ ಬದಲಿಗೆ ದೀನಾರ್‌ಗಳನ್ನು ಪಡೆಯುತ್ತಿದ್ದರು. ಇದರ ಕುರಿತು ವಿಚಾರಿಸಿದಾಗ ಪ್ರವಾದಿವರ್ಯರು(ಸ) ಎರಡು ಷರತ್ತುಗಳೊಂದಿಗೆ ಅದಕ್ಕೆ ಅನುಮತಿ ಕೊಟ್ಟರೆಂದು ಅಬೂದಾವೂದ್ ಮತ್ತಿತರ ಸಂಗ್ರಹಗಳಲ್ಲಿ ವರದಿಯಾಗಿದೆ. ವಿನಿಮಯವು ಆ ದಿನದ ದರದಲ್ಲಿ ಆಗಬೇಕು ಎಂಬುದು ಒಂದು ಷರತ್ತು. ಇಬ್ಬರೂ ಅಗಲುವಾಗ ಕೊಡುಕೊಳ್ಳುವುದು ಏನೂ ಬಾಕಿ ಉಳಿಯಬಾರದು ಎಂಬುದು ಇನ್ನೊಂದು. ಅಲ್ಲಿ ಮಾತು ಬಂದಿರುವುದು ಬಾಕಿಯೊಂದನ್ನು ಇನ್ನೊಂದು ನಾಣ್ಯದಲ್ಲಿ ತೀರಿಸುವ ಸಂದರ್ಭದಲ್ಲಿ ಎಂಬುದು ನಿಜ. ಕೈಯಿಂದ ಕೈಗೆ ನಡೆಯುವ ಸಾಮಾನ್ಯ ವಿನಿಮಯದಲ್ಲಿ ಇಬ್ಬರೂ ಒಪ್ಪಿದ ದರ ಸಿಂಧುವೇ. ಆದರೂ ದಿನಕ್ಕೊಂದು ದರವಿದೆ, ಅದು ಇಬ್ಬರಿಗೂ ತಿಳಿದಿರಬೇಕು ಎಂಬ ಅರಿವು ಮದೀನಾದ ಮಾರುಕಟ್ಟೆಯಲ್ಲೇ ಇತ್ತೆಂಬುದು ಇದರಿಂದ ಸ್ಪಷ್ಟ.

ಇನ್ನೂ ಹತ್ತಿರದ ಪಾಠವೊಂದಿದೆ. ಸರಕು ಹೊತ್ತು ಬರುವ ವರ್ತಕರ ತಂಡವನ್ನು ಊರ ಹೊರಗೇ ಎದುರುಗೊಂಡು, ಅವರು ಮಾರುಕಟ್ಟೆಯ ಬೆಲೆ ತಿಳಿಯುವ ಮೊದಲೇ ಸರಕನ್ನು ಕೊಂಡುಬಿಡುವುದನ್ನು ಪ್ರವಾದಿವರ್ಯರು(ಸ) ನಿಷೇಧಿಸಿದರು. ಹಾಗೆ ಕೊಂಡಿದ್ದರೆ, ಮಾರಿದವನು ಮಾರುಕಟ್ಟೆಗೆ ಬಂದ ಮೇಲೆ ವ್ಯವಹಾರವನ್ನು ಉಳಿಸಿಕೊಳ್ಳುವ ಅಥವಾ ಬಿಡುವ ಆಯ್ಕೆ ಅವನಿಗಿದೆಯೆಂದು ಸಹೀಹ್ ಮುಸ್ಲಿಮ್‌ನಲ್ಲಿ ವರದಿಯಾಗಿದೆ. ಅಲ್ಲಿ ಯಾರೂ ತೂಕದಲ್ಲಿ ಮೋಸ ಮಾಡಿರಲಿಲ್ಲ, ಸರಕನ್ನು ಕೆಡಿಸಿರಲಿಲ್ಲ. ಇದ್ದ ದೋಷ ಒಂದೇ. ಒಬ್ಬನಿಗೆ ಬೆಲೆ ಗೊತ್ತಿತ್ತು, ಇನ್ನೊಬ್ಬನಿಗೆ ಗೊತ್ತಿರಲಿಲ್ಲ. ವಿಮಾನ ಇಳಿದು ದಣಿದ ಯಾತ್ರಿಕನಿಗೂ ಆ ದಾರಿಹೋಕ ವರ್ತಕನಿಗೂ ಎಷ್ಟು ವ್ಯತ್ಯಾಸವಿದೆ? ಒಂದೇ ವ್ಯತ್ಯಾಸ: ಆ ವರ್ತಕನಿಗೆ ಮಾರುಕಟ್ಟೆ ಇನ್ನೂ ದೂರವಿತ್ತು, ಇಂದಿನ ಯಾತ್ರಿಕನ ಜೇಬಿನಲ್ಲೇ ಮಾರುಕಟ್ಟೆಯ ದರವಿದೆ. ತೆಗೆದು ನೋಡದಿದ್ದರೆ ಯಾರನ್ನು ದೂರೋಣ?

ಆಮೇಲೆ ದೂರಿ ಫಲವಿಲ್ಲವೆಂಬುದನ್ನು ಫಿಕ್ಹ್ ಕೂಡ ಹೇಳುತ್ತದೆ. ಬೆಲೆಯಲ್ಲಿ ಆಗುವ ವಿಪರೀತ ನಷ್ಟವನ್ನು ಫುಕಹಾಗಳು 'ಗಬ್ನ್ ಫಾಹಿಶ್' ಎಂದು ಕರೆದಿದ್ದಾರೆ. ಉಸ್ಮಾನೀ ಕಾಲದ ನಾಗರಿಕ ಸಂಹಿತೆಯಾದ ಮಜಲ್ಲಾದ 165ನೆಯ ಕಲಮು ಇದಕ್ಕೆ ಅಳತೆಯನ್ನೇ ಕೊಟ್ಟಿದೆ. ಸರಕಿನಲ್ಲಿ ಇಪ್ಪತ್ತರಲ್ಲಿ ಒಂದು ಪಾಲು, ಪ್ರಾಣಿಗಳಲ್ಲಿ ಹತ್ತರಲ್ಲಿ ಒಂದು, ಭೂಮಿ ಕಟ್ಟಡಗಳಲ್ಲಿ ಐದರಲ್ಲಿ ಒಂದು. ಅದರ ವ್ಯಾಖ್ಯಾನಕಾರ ಅಲೀ ಹೈದರ್ ಹಣದ ವಿಷಯಕ್ಕೆ ನಲವತ್ತರಲ್ಲಿ ಒಂದು ಪಾಲೆಂದು ಸೇರಿಸಿದ್ದಾರೆ, ಅಂದರೆ ಶೇಕಡಾ 2.5. ಹಣದಲ್ಲಿ ಅಳತೆ ಇಷ್ಟು ಬಿಗಿಯಾಗಿರುವುದು ಸಹಜವೇ. ಕುದುರೆಯ ಗುಣ ಒಬ್ಬೊಬ್ಬರ ಕಣ್ಣಿಗೆ ಒಂದೊಂದು ಬಗೆ, ಆದರೆ ನೂರು ರಿಯಾಲಿನ ಒಂದು ನೋಟಿಗೂ ಇನ್ನೊಂದು ನೋಟಿಗೂ ಏನು ಭೇದ?

ಆದರೆ ಅದೇ ಮಜಲ್ಲಾ, ಮೋಸದ ಮಾತುಗಳಿಲ್ಲದೆ ಕೇವಲ ಬೆಲೆ ಹೆಚ್ಚಾಯಿತೆಂಬ ಕಾರಣಕ್ಕೆ ವ್ಯವಹಾರವನ್ನು ರದ್ದು ಮಾಡುವ ಹಕ್ಕನ್ನು ಕೊಡುವುದಿಲ್ಲ. ಕರಾವಳಿಯ ಬಹಳಷ್ಟು ಜಮಾಅತ್‌ಗಳು ಅನುಸರಿಸುವ ಶಾಫಿಈ ಮದ್‌ಹಬ್‌ನಲ್ಲೂ ಸಾಮಾನ್ಯ ನಿಯಮ ಇದೇ. ಕಾರಣ ಸರಳ: ಕೇಳಿ ತಿಳಿದುಕೊಳ್ಳಲು ಅವಕಾಶವಿತ್ತು, ನೀನು ಕೇಳಲಿಲ್ಲ. ವಿಚಾರಿಸುವ ಹೊಣೆಯನ್ನು ಫಿಕ್ಹ್ ಹಣ ಕೊಡುವವನ ಹೆಗಲಿನ ಮೇಲೂ ಇಟ್ಟಿದೆ. ಹಾಗಿರುವಾಗ ವಿಚಾರಿಸುವುದೇ ಪಾಪವೆನ್ನುವುದು ಎಂಥ ವಿಪರ್ಯಾಸ!

ವಿನಿಮಯಗಾರನಿಗೂ ನ್ಯಾಯ ಬೇಕು

ಇಷ್ಟು ಹೇಳಿದ ಮೇಲೆ ಎದುರುಬದಿಯ ತಪ್ಪನ್ನೂ ತಿದ್ದಬೇಕಾಗಿದೆ. ಮೊಬೈಲನ್ನು ಮುಖದ ಮುಂದೆ ಹಿಡಿದು, "ಇಲ್ಲಿ 22.40 ಇದೆ, ನೀವು 22.90 ಹೇಳುತ್ತಿದ್ದೀರಿ, ಇದು ದರೋಡೆ" ಎಂದು ಕೂಗಾಡುವ ಯುವಕರನ್ನೂ ನಾವು ಕಾಣುತ್ತೇವೆ. ಇದು ಅನ್ಯಾಯ. 22.40ಕ್ಕೆ ಆ ವಿನಿಮಯಗಾರನಿಗೇ ನೋಟು ಸಿಗುವುದಿಲ್ಲ. ಹಜ್ಜ್ ಹತ್ತಿರವಾದಂತೆ ರಿಯಾಲ್ ನೋಟುಗಳಿಗೆ ಬೇಡಿಕೆ ಹೆಚ್ಚುತ್ತದೆ, ಆಗ ಅಂತರ ಸ್ವಲ್ಪ ಅಗಲವಾಗುವುದರಲ್ಲಿ ಆಶ್ಚರ್ಯವಿಲ್ಲ. ಮಾರುಕಟ್ಟೆ ಮುಚ್ಚಿರುವ ಶನಿವಾರ ಭಾನುವಾರಗಳಲ್ಲಿ, ಸೋಮವಾರ ದರ ಎತ್ತ ಹೋಗುವುದೋ ಎಂಬ ಭಯದಿಂದಲೂ ಆತ ಎಚ್ಚರದ ದರ ಹೇಳುತ್ತಾನೆ. ರೂಪಾಯಿ ವೇಗವಾಗಿ ಏರಿಳಿಯುವ ದಿನ ಮಧ್ಯಾಹ್ನದ ಉಲ್ಲೇಖ ದರ ಸಂಜೆಯ ಹೊತ್ತಿಗೆ ಹಳತಾಗಿರಬಹುದು. ಆದ್ದರಿಂದ ಅಂತರ ಇದೆ ಎಂಬುದು ಆರೋಪವಾಗುವುದಿಲ್ಲ. ಅಂತರ ಎಷ್ಟಿದೆ, ಅದೇ ದಿನ ಪಕ್ಕದ ಅಂಗಡಿಯಲ್ಲಿ ಎಷ್ಟಿದೆ ಎಂಬುದೇ ಪ್ರಶ್ನೆ. ಶೇಕಡಾ ಎರಡೂವರೆಯ ಅಳತೆಯನ್ನು ನಾವು ತೀರ್ಪಾಗಿ ಬಳಸುವುದು ಬೇಡ. ಅದನ್ನು ದಾಟಿದಾಗ ನಿಂತು ಕೇಳಬೇಕಾದ ಗಡಿಕಲ್ಲಾಗಿ ಬಳಸಿದರೆ ಸಾಕು. ಶೇಕಡಾ ಮೂರಕ್ಕೆ ಒಳ್ಳೆಯ ಕಾರಣವಿರಬಹುದು. ಪಕ್ಕದ ಅಂಗಡಿಯಲ್ಲಿ ಎರಡು ಚಿಲ್ಲರೆ ಇರುವಾಗ ಆರಕ್ಕೆ ಕಾರಣ ಕೇಳದೆ ಇರಲಾಗದು.

ಅಳತೆ ಇನ್ನೊಂದು ದಿಕ್ಕಿನಲ್ಲೂ ಕೆಲಸ ಮಾಡುತ್ತದೆ ಎಂಬುದನ್ನು ನೆನಪಿಡಬೇಕು. ಉಲ್ಲೇಖ ದರ 22.40 ಇರುವ ದಿನ ಯಾರೋ 21.90ಕ್ಕೆ ರಿಯಾಲ್ ಕೊಡುತ್ತೇನೆ ಎಂದರೆ ಸಂತೋಷಪಡುವ ಬದಲು ಹಿಂದೆ ಸರಿಯಬೇಕು. ಬ್ಯಾಂಕುಗಳಿಗೇ ಸಿಗದ ದರ ಬೀದಿಯಲ್ಲಿ ಹೇಗೆ ಸಿಕ್ಕಿತು? ನೋಟು ಖೋಟಾ ಇರಬಹುದು, ಎಣಿಕೆಯಲ್ಲಿ ಕೈಚಳಕ ಇರಬಹುದು, ಅಥವಾ ಆ ಹಣ ಲೆಕ್ಕಕ್ಕೆ ಬಾರದ ದಾರಿಯಿಂದ ಬಂದಿರಬಹುದು. 1999ರ ಫೆಮಾ ಕಾಯ್ದೆಯಂತೆ ವಿದೇಶೀ ನಾಣ್ಯದ ವಿನಿಮಯಕ್ಕೆ ರಿಸರ್ವ್ ಬ್ಯಾಂಕಿನ ಅಧಿಕಾರಪತ್ರ ಬೇಕು. ಅದಿಲ್ಲದವನಿಂದ ಕೊಂಡರೆ ಅಗ್ಗವಾಗಿ ಕೊಂಡ ಯಾತ್ರಿಕನೂ ಕಾನೂನಿನ ತೊಡಕಿಗೆ ಸಿಲುಕುತ್ತಾನೆ. "ಇಂದು ಹಣ ಕೊಡಿ, ಒಳ್ಳೆಯ ದರದಲ್ಲಿ ಎರಡು ದಿನ ಬಿಟ್ಟು ರಿಯಾಲ್ ಕೊಡುತ್ತೇನೆ" ಎಂಬ ಮಾತಿಗೂ ಒಪ್ಪಬಾರದು. ನಾಣ್ಯಕ್ಕೆ ನಾಣ್ಯ ಬದಲಿಸುವಾಗ ಎರಡೂ ಕಡೆಯದು ಅದೇ ಕುಳಿತಲ್ಲಿ ಕೈಸೇರಬೇಕೆಂಬುದು ಶರೀಅತ್‌ನ ನಿಯಮ. ಒಳ್ಳೆಯ ದರದ ಆಸೆಗೆ ಆ ನಿಯಮವನ್ನು ಮುರಿದವನಿಗೆ ಆಗುವ ನಷ್ಟ ಹಣದ್ದು ಮಾತ್ರವಲ್ಲ.

ಮಾಡಬೇಕಾದದ್ದು ಏನು?

ಮನೆಯಿಂದ ಹೊರಡುವ ಮುನ್ನ ಅಂದಿನ ಡಾಲರ್ ದರವನ್ನು ನೋಡಿ 3.75ರಿಂದ ಭಾಗಿಸಿ, ಬಂದ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಅಂಗಡಿಯಲ್ಲಿ ಅಧಿಕಾರಪತ್ರ ಮತ್ತು ದರಪಟ್ಟಿ ಕಾಣುವಂತೆ ತೂಗುಹಾಕಿದೆಯೇ ನೋಡಿ. ದರಪಟ್ಟಿಯನ್ನು ಗ್ರಾಹಕರಿಗೆ ಕಾಣುವಂತೆ ಇಡಬೇಕೆಂದು ರಿಸರ್ವ್ ಬ್ಯಾಂಕೇ ನಿರ್ದೇಶಿಸಿದೆ. ಕೊಳ್ಳುವ ಮತ್ತು ಮಾರುವ ದರಗಳೆರಡನ್ನೂ ಕೇಳಿ. ಎಲ್ಲ ಸೇರಿ ಕೊಡಬೇಕಾದ ಮೊತ್ತವನ್ನು ಕೇಳಿ ಭಾಗಿಸಿ. ಚೀಟಿಯ ಸಂಖ್ಯೆಯೊಂದಿಗೆ ತಾಳೆನೋಡಿ. ಇನ್ನೊಂದು ಅಂಗಡಿಯಲ್ಲೂ ವಿಚಾರಿಸಿ. ಇದೆಲ್ಲ ಮುಗಿಯುವವರೆಗೆ ನೋಟು ನಿಮ್ಮ ಜೇಬಿನಲ್ಲೇ ಇರಲಿ. ನೋಟು ಮೇಜಿನ ಮೇಲೆ ಬಿದ್ದ ಮೇಲೆ ಕೇಳುವ ಪ್ರಶ್ನೆಗೆ ಬಲವಿರುವುದಿಲ್ಲ. ಒಪ್ಪಿದ ಮೇಲೆ ರಸೀದಿ ಪಡೆಯಿರಿ, ಅದರಲ್ಲಿ ದರ ಬರೆದಿರಲಿ, ಅಲ್ಲಿಯೇ ಎಣಿಸಿಕೊಳ್ಳಿ.

ನಮ್ಮ ಮಸೀದಿಗಳಲ್ಲಿ ಹಜ್ಜ್ ಮತ್ತು ಉಮ್ರಾ ಯಾತ್ರಿಕರಿಗೆ ತರಬೇತಿ ಶಿಬಿರಗಳು ನಡೆಯುತ್ತವೆ. ಇಹ್ರಾಮ್ ಉಡುವ ಕ್ರಮ, ತವಾಫ್‌ನ ಸುತ್ತುಗಳು, ಸಅಯ್‌ನ ನಿಯಮಗಳನ್ನೆಲ್ಲ ಅಲ್ಲಿ ಕಲಿಸಲಾಗುತ್ತದೆ. ಯಾತ್ರೆಯ ಖರ್ಚು ಹಲಾಲ್ ಆಗಿರಬೇಕೆಂದೂ ಒತ್ತಿ ಹೇಳಲಾಗುತ್ತದೆ. ಹಲಾಲ್ ಹಣವು ರಿಯಾಲ್ ಆಗುವ ಆ ಹತ್ತು ನಿಮಿಷಗಳ ಬಗ್ಗೆ ಮಾತ್ರ ಒಂದು ಮಾತೂ ಇಲ್ಲ. ಅಂದಿನ ಉಲ್ಲೇಖ ದರವನ್ನು ಶಿಬಿರದ ಕರಿಹಲಗೆಯ ಮೇಲೆ ಬರೆದು, ಭಾಗಿಸುವ ಕ್ರಮವನ್ನು ತೋರಿಸಿಕೊಡಲು ಐದು ನಿಮಿಷ ಸಾಕು. ಓದುಬರಹ ಬಾರದ ತಾಯಂದಿರಿಗೆ ಆ ದಿನದ ಸಂಖ್ಯೆ ಒಂದನ್ನೇ ಬಾಯಿಪಾಠ ಮಾಡಿಸಿ ಕಳುಹಿಸಿದರೂ ಅರ್ಧ ಕೆಲಸ ಆದಂತೆ.

ಕೊನೆಯದಾಗಿ, ನಮ್ಮವರೇ ಆದ ವಿನಿಮಯಗಾರರಲ್ಲಿ ಒಂದು ಮಾತು. ಅಳತೆಯಲ್ಲಿ ಕೊರತೆ ಮಾಡುವವರ ಬಗ್ಗೆ ಅಲ್ಲಾಹನು ಒಂದು ಇಡೀ ಸೂರಃವನ್ನೇ ಅವತೀರ್ಣಗೊಳಿಸಿದ್ದಾನೆ. ಕೊಳ್ಳುವಾಗ ಒಂದು ಅಳತೆ, ಕೊಡುವಾಗ ಇನ್ನೊಂದು ಅಳತೆ ಇಟ್ಟುಕೊಂಡವರ ಕಥೆ ಅದು. ನಿಮ್ಮ ಲಾಭ ನಿಮ್ಮ ಹಕ್ಕು, ಬೆಲೆಯನ್ನು ಕಟ್ಟಿಹಾಕಲು ಪ್ರವಾದಿವರ್ಯರೇ(ಸ) ಒಪ್ಪಲಿಲ್ಲ. ಆದರೆ ನಿಮ್ಮ ದರಪಟ್ಟಿಯ ಪಕ್ಕದಲ್ಲೇ ಅಂದಿನ ಉಲ್ಲೇಖ ದರವನ್ನೂ ಬರೆದಿಡಿ. ಅಂತರ ನ್ಯಾಯವಾದದ್ದಾದರೆ ನಿಮಗೆ ಮರೆಮಾಚಲು ಏನಿದೆ? ಗ್ರಾಹಕನು ಎಲ್ಲವನ್ನೂ ಕಂಡು, ತಿಳಿದು, ನಿಮ್ಮ ದರಕ್ಕೇ ಒಪ್ಪಿದರೆ ಅದುವೇ ಸೂರಃ ಅನ್ನಿಸಾ ಹೇಳುವ ಪರಸ್ಪರ ಸಮ್ಮತಿಯ ವ್ಯಾಪಾರ. ಅವನು ತಿಳಿಯದಿರುವುದರ ಮೇಲೆ ಮಾತ್ರ ನಿಂತಿರುವ ಲಾಭವನ್ನು ನಾಳೆ ಯಾವ ರಸೀದಿ ತೋರಿಸಿ ಸಮರ್ಥಿಸಿಕೊಳ್ಳುವಿರಿ?

ಕೊಡುವವರನ್ನೂ ಕೊಳ್ಳುವವರನ್ನೂ ಸ್ಪಷ್ಟವಾದ ಲೆಕ್ಕದ ಮೇಲೆ ನಿಲ್ಲಿಸಿ, ನಮ್ಮ ಸಂಪಾದನೆಯಲ್ಲಿ ಬರಕತ್ ಕರುಣಿಸುವಂತೆ ಅಲ್ಲಾಹನಲ್ಲಿ ಪ್ರಾರ್ಥಿಸುತ್ತೇವೆ.